ಗುಂಡಿಗೆಯ ಮೇಲೆ ಮದ್ಯದ ಭಾರ: ಮ್ಯೂನಿಕ್‌ನಿಂದ ಮಲೆನಾಡಿನವರೆಗೆ



ಕುಡಿತದಿಂದ ಯಾವ ಅಂಗ ಕೆಡುತ್ತದೆ ಎಂದು ಯಾರನ್ನಾದರೂ ಕೇಳಿ ನೋಡಿ. ಹತ್ತರಲ್ಲಿ ಒಂಬತ್ತು ಮಂದಿ ‘ಲಿವರ್’ ಎನ್ನುತ್ತಾರೆ. ಯಕೃತ್ತು ಕೆಡುವುದು ನಿಜ. ಆದರೆ ಅದೇ ಮದ್ಯ ಹೃದಯದ ಸ್ನಾಯುವನ್ನೂ ಸದ್ದಿಲ್ಲದೆ ಸಡಿಲಗೊಳಿಸುತ್ತದೆ ಎಂಬುದು ಅಷ್ಟಾಗಿ ತಿಳಿದಿಲ್ಲ. ವೈದ್ಯರೇ ಇದನ್ನು ಖಚಿತವಾಗಿ ಒಪ್ಪಿಕೊಳ್ಳಲು ಸುಮಾರು ನೂರು ವರ್ಷ ಬೇಕಾಯಿತು. ಏಕೆಂದರೆ ಪ್ರತಿ ಸಲವೂ ಬೇರೊಬ್ಬ ‘ಆರೋಪಿ’ ಅಡ್ಡ ಬರುತ್ತಿದ್ದ. ಆ ಕಥೆಯನ್ನು ಕ್ರಮವಾಗಿ ನೋಡೋಣ.

ಕಥೆ ಆರಂಭವಾಗುವುದು ಬಿಯರಿಗೆ ಹೆಸರಾದ ಜರ್ಮನಿಯ ಮ್ಯೂನಿಕ್ ನಗರದಲ್ಲಿ. ಅಲ್ಲಿ ಶವಪರೀಕ್ಷೆ ನಡೆಸುತ್ತಿದ್ದ ಒಟ್ಟೊ ಬೊಲಿಂಗರ್ ಎಂಬ ರೋಗಶಾಸ್ತ್ರಜ್ಞ 1884ರಲ್ಲಿ ಒಂದು ವಿಚಿತ್ರವನ್ನು ವರದಿ ಮಾಡಿದ. ಊರಿನ ಕುಡುಕರ ಹೃದಯಗಳು ಸಾಮಾನ್ಯಕ್ಕಿಂತ ದೊಡ್ಡದಾಗಿ ಹಿಗ್ಗಿದ್ದವು. ಆ ಕಾಲದಲ್ಲಿ ಮ್ಯೂನಿಕ್‌ನ ಒಬ್ಬ ವ್ಯಕ್ತಿ ವರ್ಷಕ್ಕೆ ಸರಾಸರಿ 432 ಲೀಟರ್ ಬಿಯರ್ ಕುಡಿಯುತ್ತಿದ್ದನೆಂದು ಲೆಕ್ಕ. ಜರ್ಮನಿಯ ಉಳಿದೆಡೆ ಅದು 82 ಲೀಟರ್ ಮಾತ್ರ. ಈ ರೋಗಕ್ಕೆ ‘ಮ್ಯೂನಿಕ್ ಬಿಯರ್ ಹೃದಯ’ ಎಂಬ ಹೆಸರೇ ಬಿದ್ದಿತು. ಆದರೆ ಹೃದಯ ಹಿಗ್ಗಿದ್ದು ಮದ್ಯಸಾರದಿಂದಲೋ ಅಥವಾ ದಿನವೂ ಅಷ್ಟೊಂದು ದ್ರವವನ್ನು ದೂಡಬೇಕಾದ ಶ್ರಮದಿಂದಲೋ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

1893ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ವೈದ್ಯ ಗ್ರಹಾಂ ಸ್ಟೀಲ್, ಹೃದಯ ಸೋಲಲು ಮದ್ಯವೂ ಒಂದು ಕಾರಣವೆಂದು ಬರೆದ. ಆದರೆ 1900ರಲ್ಲಿ ಅದೇ ಊರಿನ ಸುತ್ತಮುತ್ತ ಬಿಯರ್ ಕುಡಿದ ಆರು ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಕೈಕಾಲಿನ ನರಗಳು ಸೋತವು, ಚರ್ಮ ಕಪ್ಪಾಯಿತು, ಅನೇಕರಲ್ಲಿ ಹೃದಯವೂ ಕೈಕೊಟ್ಟಿತು. ತನಿಖೆ ನಡೆದಾಗ ಸಿಕ್ಕಿದ್ದು ಪಾಷಾಣ, ಅಂದರೆ ಆರ್ಸೆನಿಕ್. ಬಿಯರಿಗೆ ಹಾಕುವ ಸಕ್ಕರೆಯನ್ನು ತಯಾರಿಸಲು ಬಳಸಿದ ಗಂಧಕಾಮ್ಲದಲ್ಲಿ ಅದು ಬೆರೆತಿತ್ತು. ‘ತಪ್ಪು ಮದ್ಯದ್ದಲ್ಲ, ಕಲಬೆರಕೆಯದು’ ಎಂಬ ವಾದಕ್ಕೆ ಇದರಿಂದ ಬಲ ಬಂದಿತು.

ಮುಂದೆ ಎರಡನೆಯ ಆರೋಪಿ ಕಾಣಿಸಿಕೊಂಡ. ಅಕ್ಕಿಯನ್ನು ಪಾಲಿಷ್ ಮಾಡಿ ಉಣ್ಣುವವರಿಗೆ ಬರುವ ಬೆರಿಬೆರಿ ರೋಗಕ್ಕೆ ಬಿ1 ಜೀವಸತ್ವದ ಕೊರತೆ ಕಾರಣವೆಂದು ತಿಳಿದುಬಂದಿತು. ಬೆರಿಬೆರಿಯಲ್ಲಿಯೂ ಹೃದಯ ಸೋಲುತ್ತದೆ, ಕಾಲು ಊದಿಕೊಳ್ಳುತ್ತದೆ. ಮಿತಿಮೀರಿ ಕುಡಿಯುವವರು ಸರಿಯಾಗಿ ಉಣ್ಣುವುದಿಲ್ಲವಷ್ಟೆ. ಆದ್ದರಿಂದ ಕುಡುಕರ ಹೃದ್ರೋಗವೂ ಬೆರಿಬೆರಿಯೇ, ಜೀವಸತ್ವ ಕೊಟ್ಟರೆ ಸರಿಹೋಗುತ್ತದೆ ಎಂದು ವೈದ್ಯಲೋಕ ಹಲವು ದಶಕಗಳ ಕಾಲ ನಂಬಿತ್ತು. ಕೆಲವು ರೋಗಿಗಳು ಬಿ1 ಚುಚ್ಚುಮದ್ದಿನಿಂದ ಬೇಗ ಚೇತರಿಸಿಕೊಂಡದ್ದೂ ಹೌದು. ಆದರೆ ಬಹಳಷ್ಟು ಮಂದಿ ಚೇತರಿಸಿಕೊಳ್ಳಲಿಲ್ಲ. ಚೆನ್ನಾಗಿ ಉಣ್ಣುತ್ತಿದ್ದ ಅನುಕೂಲಸ್ಥ ಕುಡುಕರಲ್ಲಿಯೂ ಅದೇ ಹಿಗ್ಗಿದ ಹೃದಯ ಕಂಡುಬರುತ್ತಿತ್ತು.

ಮೂರನೆಯ ತಿರುವು ಕೆನಡಾದ ಕ್ವಿಬೆಕ್ ನಗರದ್ದು. 1965–66ರಲ್ಲಿ ಅಲ್ಲಿ ವಿಪರೀತ ಬಿಯರ್ ಕುಡಿಯುವ 48 ಮಂದಿಗೆ ಇದ್ದಕ್ಕಿದ್ದಂತೆ ಹೃದಯ ಸೋತಿತು. ಅವರಲ್ಲಿ 20 ಮಂದಿ ಸತ್ತರು. ಬಿಯರಿನ ನೊರೆ ಬೇಗ ಇಳಿದುಹೋಗದಿರಲೆಂದು ಅದಕ್ಕೆ ಕೋಬಾಲ್ಟ್ ಲವಣವನ್ನು ಸೇರಿಸಲಾಗುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆ ಹೊಸ ರೋಗಿಗಳು ಬರುವುದೂ ನಿಂತಿತು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ರಕ್ತಹೀನತೆಗೆ ಔಷಧವಾಗಿ ಇದಕ್ಕಿಂತ ಹೆಚ್ಚು ಕೋಬಾಲ್ಟನ್ನು ಸೇವಿಸಿದವರಿಗೂ ಇಂತಹ ಹೃದ್ರೋಗ ಬಂದಿರಲಿಲ್ಲ. ಮದ್ಯದಿಂದಲೂ ಅರೆಹೊಟ್ಟೆಯಿಂದಲೂ ಮೊದಲೇ ಬಳಲಿದ್ದ ಹೃದಯಕ್ಕೆ ಕೋಬಾಲ್ಟ್ ಕೊನೆಯ ಪೆಟ್ಟು ಕೊಟ್ಟಿತ್ತು.

ಹಾಗಾದರೆ ಕಲಬೆರಕೆಯಿಲ್ಲದ ಮದ್ಯ, ಜೊತೆಗೆ ಒಳ್ಳೆಯ ಊಟ ಇದ್ದರೆ ಹೃದಯಕ್ಕೆ ಏನಾಗುತ್ತದೆ? ಅಮೆರಿಕದ ತಿಮೋತಿ ರೀಗನ್ ಮತ್ತು ಸಂಗಡಿಗರು 1969ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಮೊದಲೇ ಕುಡಿತದ ಅಭ್ಯಾಸವಿದ್ದ ಒಬ್ಬ ಸ್ವಯಂಸೇವಕನನ್ನು ಆಸ್ಪತ್ರೆಯಲ್ಲಿಟ್ಟು, ಪೌಷ್ಟಿಕ ಆಹಾರ ನೀಡುತ್ತ, ಹಲವು ತಿಂಗಳು ದಿನವೂ ಅಳೆದು ವಿಸ್ಕಿ ಕೊಟ್ಟರು. ಕೊನೆಗೆ ಅದು ದಿನಕ್ಕೆ ಅರ್ಧ ಲೀಟರಿನ ಸಮೀಪಕ್ಕೆ ಬಂದಿತ್ತು. ಅವನ ನಾಡಿಬಡಿತ ಏರಿತು, ರಕ್ತನಾಳಗಳಲ್ಲಿ ಹಿಂದೊತ್ತಡ ಹೆಚ್ಚಿತು, ಹೃದಯದಲ್ಲಿ ಸೋಲಿನ ಸೂಚನೆಯಾದ ಮೂರನೆಯ ಸದ್ದು ಕೇಳಿಬಂದಿತು. ಮದ್ಯ ನಿಲ್ಲಿಸಿದ ಮೇಲೆ ಇವೆಲ್ಲ ಕ್ರಮೇಣ ಇಳಿದವು. ಇಂತಹ ಪ್ರಯೋಗಕ್ಕೆ ಇಂದು ಯಾರೂ ಅನುಮತಿ ಕೊಡಲಾರರು. ಆದರೆ ಅದರಿಂದ ಎರಡು ಮಾತು ಸ್ಪಷ್ಟವಾದವು: ಮದ್ಯಸಾರವೇ ಅಪರಾಧಿ, ಮತ್ತು ಆರಂಭದ ಹಾನಿ ಹಿಂದೆ ಸರಿಯಬಲ್ಲದು.

ಈಗ ನಮ್ಮ ಕಡೆಗೆ ಬರೋಣ. ಕರ್ನಾಟಕ ಸರ್ಕಾರ 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ಪ್ಯಾಕೆಟ್ ಸಾರಾಯಿ ಹೋಗಿ ಅಂಗಡಿಯ ‘ಕ್ವಾರ್ಟರ್’ ಅದರ ಜಾಗಕ್ಕೆ ಬಂತು. ಹೃದಯಕ್ಕಾದರೋ ಸೀಸೆಯ ಹೆಸರು ಗೊತ್ತಿಲ್ಲ, ಒಳಗೆ ಹೋದ ಮದ್ಯಸಾರದ ಗ್ರಾಂ ಮಾತ್ರ ಗೊತ್ತು. ಲೆಕ್ಕ ಹಾಕೋಣ. ಕ್ವಾರ್ಟರ್ ಎಂದರೆ 180 ಮಿಲಿಲೀಟರ್. ನಮ್ಮಲ್ಲಿ ಮಾರುವ ವಿಸ್ಕಿ, ರಮ್ಮುಗಳಲ್ಲಿ ಸಾಮಾನ್ಯವಾಗಿ ಶೇಕಡಾ 42.8ರಷ್ಟು ಮದ್ಯಸಾರವಿರುತ್ತದೆ. ಹಾಗಾದರೆ ಒಂದು ಕ್ವಾರ್ಟರಿನಲ್ಲಿ 77 ಮಿಲಿಲೀಟರ್, ತೂಕದಲ್ಲಿ ಸುಮಾರು 60 ಗ್ರಾಂ ಮದ್ಯಸಾರ ಇದ್ದಂತಾಯಿತು. ದಿನಕ್ಕೆ 80 ಗ್ರಾಂಗಿಂತ ಹೆಚ್ಚಾಗಿ ಐದು ವರ್ಷವಾದರೂ ಕುಡಿದವರಲ್ಲಿ ಈ ಹೃದ್ರೋಗವನ್ನು ಸಂಶಯಿಸಬೇಕೆಂಬುದು ವೈದ್ಯರ ರೂಢಿಯ ಅಳತೆ. ಹೆಂಗಸರಲ್ಲಿ ಇದಕ್ಕಿಂತ ಕಡಿಮೆ ಮದ್ಯವೂ ಅಷ್ಟೇ ಹಾನಿ ಮಾಡಬಲ್ಲದು.

ಕೊಪ್ಪದ ಬಳಿ ಒಂದು ತೋಟದ ಮನೆ, ಅಲ್ಲಿ ನಲವತ್ತೈದು ವರ್ಷದ ಒಬ್ಬ ಯಜಮಾನ ಎಂದು ಕಲ್ಪಿಸಿಕೊಳ್ಳಿ. ಹತ್ತು ವರ್ಷದಿಂದ ದಿನಕ್ಕೆ ಒಂದೂವರೆ ಕ್ವಾರ್ಟರ್, ಅಂದರೆ 90 ಗ್ರಾಂ. ಹತ್ತು ವರ್ಷಕ್ಕೆ ಅದು ಸುಮಾರು 330 ಕಿಲೋ ಶುದ್ಧ ಮದ್ಯಸಾರ. ಅವನ ಮೈತೂಕ 60 ಕಿಲೋ ಎಂದರೆ, ತನ್ನ ತೂಕದ ಐದು ಪಟ್ಟಿಗೂ ಮಿಗಿಲು! ಸ್ಪೇನಿನ ಬಾರ್ಸಿಲೋನಾದ ವೈದ್ಯರು 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದೂ ಇದೇ ಲೆಕ್ಕ: ಜೀವಮಾನದಲ್ಲಿ ಒಟ್ಟು ಕುಡಿದ ಮದ್ಯ ಹೆಚ್ಚಿದಷ್ಟೂ ಹೃದಯದ ಬಲ ಕಡಿಮೆ.

ಈ ಯಜಮಾನನ ಎದೆಯೊಳಗೆ ನಡೆದದ್ದೇನು? ಹೃದಯಸ್ನಾಯುವಿನ ಪ್ರತಿ ಜೀವಕೋಶದಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯ ಎಂಬ ಪುಟ್ಟ ಕಾರ್ಖಾನೆಗಳಿವೆ. ಮದ್ಯಸಾರವೂ ಅದು ಒಡೆದಾಗ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವೂ ಇವನ್ನು ಕೆಡಿಸುತ್ತವೆ. ಸ್ನಾಯು ಕುಗ್ಗಬೇಕಾದರೆ ಕ್ಯಾಲ್ಸಿಯಂ ಸರಿಯಾದ ಕ್ಷಣಕ್ಕೆ ಬಂದು ಹೋಗಬೇಕು. ಆ ಲಯವೂ ತಪ್ಪುತ್ತದೆ. ಸವೆದ ಭಾಗಗಳನ್ನು ತುಂಬಿಕೊಳ್ಳಲು ಬೇಕಾದ ಪ್ರೋಟೀನು ತಯಾರಾಗುವುದು ಕಡಿಮೆಯಾಗುತ್ತದೆ. ಕ್ರಮೇಣ ಕೆಲವು ಕೋಶಗಳು ಸಾಯುತ್ತವೆ, ಅವುಗಳ ಜಾಗದಲ್ಲಿ ಗಾಯದ ಕಲೆಯಂತಹ ನಾರು ಬೆಳೆಯುತ್ತದೆ. ದುರ್ಬಲ ಗೋಡೆ ಒತ್ತಡ ತಾಳದೆ ಹಿಗ್ಗುತ್ತದೆ. ಆರೋಗ್ಯವಂತ ಹೃದಯದ ಎಡ ಹೃತ್ಕುಕ್ಷಿ ಒಂದು ಬಡಿತದಲ್ಲಿ ತನ್ನೊಳಗಿನ ರಕ್ತದ ಶೇಕಡಾ 55ರಿಂದ 70ರಷ್ಟನ್ನು ಹೊರದೂಡುತ್ತದೆ. ಇವನಲ್ಲಿ ಅದು 30ಕ್ಕೆ ಇಳಿದಿದೆ ಎನ್ನೋಣ.

ಇದು ಹೊರಗೆ ತಿಳಿಯುವುದು ಹೇಗೆ? ಬಹಳ ವರ್ಷ ತಿಳಿಯುವುದೇ ಇಲ್ಲ. ಆಮೇಲೆ ಒಂದು ದಿನ, ದಿನವೂ ಹತ್ತುತ್ತಿದ್ದ ತೋಟದ ಏರಿನಲ್ಲಿಯೇ ದಮ್ಮು ಕಟ್ಟುತ್ತದೆ. ‘ವಯಸ್ಸಾಯಿತು’ ಎಂದು ಸುಮ್ಮನಾಗುತ್ತಾನೆ. ನಂತರ ಅಂಗಾತ ಮಲಗಿದರೆ ಉಸಿರಾಡಲಾಗದು, ಎರಡು ದಿಂಬು ಬೇಕಾಗುತ್ತದೆ. ಸಂಜೆ ಪಾದ ಊದಿಕೊಂಡು, ಬೆರಳೊತ್ತಿದರೆ ಕುಳಿ ಬೀಳುತ್ತದೆ. ಕೆಲವರಿಗೆ ಎದೆ ತಾಳ ತಪ್ಪಿ ಹೊಡೆದುಕೊಳ್ಳುತ್ತದೆ. ಆಗ ಘಟ್ಟ ಇಳಿದು ಮಣಿಪಾಲಕ್ಕೋ ಇತ್ತ ಶಿವಮೊಗ್ಗಕ್ಕೋ ಹೋಗಿ ಎಕೋ ಪರೀಕ್ಷೆ ಮಾಡಿಸಿದರೆ ಹಿಗ್ಗಿದ, ಮಂದವಾಗಿ ಮಿಡಿಯುವ ಹೃದಯ ತೆರೆಯ ಮೇಲೆ ಕಾಣುತ್ತದೆ. ಆದರೆ ಅದರ ಮೇಲೆ ‘ಇದು ಮದ್ಯದಿಂದ’ ಎಂಬ ಮುದ್ರೆ ಇರುವುದಿಲ್ಲ. ರಕ್ತನಾಳದ ಅಡಚಣೆ, ರಕ್ತದೊತ್ತಡ, ಕವಾಟದ ದೋಷ, ಥೈರಾಯ್ಡ್, ಬಿ1 ಕೊರತೆ ಇವು ಕಾರಣವಲ್ಲವೆಂದು ಮೊದಲು ನೋಡಬೇಕು. ರೋಗಿ ತಾನು ಎಷ್ಟು ಕುಡಿಯುತ್ತಿದ್ದನೆಂದು ನಿಜ ಹೇಳದಿದ್ದರೆ ವೈದ್ಯರ ದಾರಿ ತಪ್ಪುತ್ತದೆ. ಒಂದೇ ಅಳತೆ ಕುಡಿದವರೆಲ್ಲರಿಗೂ ಈ ರೋಗ ಬರುವುದಿಲ್ಲ. ಟೈಟಿನ್ ಎಂಬ ಸ್ನಾಯು ಪ್ರೋಟೀನಿನ ವಂಶವಾಹಿಯಲ್ಲಿ ಹುಟ್ಟಿನಿಂದಲೇ ದೋಷವಿದ್ದವರು ಬೇಗ ಗುರಿಯಾಗುತ್ತಾರೆಂದು 2018ರಲ್ಲಿ ತೋರಿಸಲಾಯಿತು. ಇಂತಹ ರೋಗಿಗಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಆ ದೋಷವಿತ್ತು.

ಇನ್ನು ಮುಖ್ಯ ಪ್ರಶ್ನೆ: ಕುಡಿತ ಬಿಟ್ಟರೆ ಹೃದಯ ಮರಳಿ ಬರುತ್ತದೆಯೆ? ಬಾರ್ಸಿಲೋನಾದ ತಂಡ ಇಂತಹ 55 ಗಂಡಸರನ್ನು ನಾಲ್ಕು ವರ್ಷ ಗಮನಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿತು. ಪೂರ್ತಿ ಬಿಟ್ಟವರಲ್ಲಿ ಹೃದಯದ ದೂಡುವ ಪ್ರಮಾಣ ಸರಾಸರಿ 13 ಅಂಶಗಳಷ್ಟು ಮೇಲೇರಿತು. ದಿನಕ್ಕೆ 60 ಗ್ರಾಂಗಿಂತ ಕೆಳಕ್ಕೆ ಇಳಿಸಿಕೊಂಡವರಲ್ಲಿಯೂ ಬಹುತೇಕ ಅಷ್ಟೇ ಸುಧಾರಣೆ ಕಂಡಿತು. ಹಿಂದಿನಂತೆಯೇ ವಿಪರೀತ ಕುಡಿಯುತ್ತಿದ್ದವರ ಹೃದಯ ಮತ್ತಷ್ಟು ಕುಸಿಯಿತು, ಅವರಲ್ಲಿ ಹತ್ತು ಮಂದಿ ತೀರಿಕೊಂಡರು. ಹಾಗೆಂದು ‘ಸ್ವಲ್ಪ ಕುಡಿಯಬಹುದು’ ಎಂದು ವೈದ್ಯರು ಹೇಳುವುದಿಲ್ಲ. ಚಟ ಹಿಡಿದವನಿಗೆ ಒಂದು ಲೋಟಕ್ಕೆ ನಿಲ್ಲುವುದು ಬಿಡುವುದಕ್ಕಿಂತ ಕಷ್ಟ.

ನಮ್ಮ ಯಜಮಾನ ಪೂರ್ತಿ ಬಿಟ್ಟು, ಹೃದಯದ ಹೊರೆ ಇಳಿಸುವ ಮಾತ್ರೆಗಳನ್ನು ತಪ್ಪದೆ ತೆಗೆದುಕೊಂಡರೆ, ಕೆಲವು ವಾರಗಳಲ್ಲಿ ಊತ ಇಳಿಯುತ್ತದೆ. ಸ್ನಾಯುವಿನ ಬಲ ಮರಳಲು ತಿಂಗಳುಗಳು ಬೇಕು. ವರ್ಷದ ಕೊನೆಗೆ ಅವನ 30 ಎಂಬುದು 43 ಆದರೆ, ಏರು ಮತ್ತೆ ಹತ್ತಬಲ್ಲ. ಬಳಲಿದ ಕೋಶ ಚೇತರಿಸಿಕೊಳ್ಳುತ್ತದೆ, ಸತ್ತು ನಾರಾದ ಕೋಶ ಮರಳುವುದಿಲ್ಲ. ಎಷ್ಟು ಮರಳುತ್ತದೆ ಎಂಬುದು ಎಷ್ಟು ಬೇಗ ಬಿಟ್ಟ ಎಂಬುದರ ಮೇಲೆ ನಿಂತಿದೆ. ಸ್ಪೇನಿನ 94 ರೋಗಿಗಳ ಇನ್ನೊಂದು ಅಧ್ಯಯನದಲ್ಲಿ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಮಂದಿಯ ಹೃದಯ ಗಣನೀಯವಾಗಿ ಚೇತರಿಸಿತು. ಹೆಚ್ಚುಕಡಿಮೆ ಅಷ್ಟೇ ಪಾಲು ಜನ ಸತ್ತರು ಅಥವಾ ಹೃದಯದ ಕಸಿ ಮಾಡಿಸಿಕೊಳ್ಳಬೇಕಾಯಿತು.

ಒಂದು ಎಚ್ಚರಿಕೆ. ವರ್ಷಗಟ್ಟಲೆ ಕುಡಿದವನು ಮನೆಯಲ್ಲಿ ಒಮ್ಮೆಗೇ ನಿಲ್ಲಿಸಿದರೆ ಮೊದಲು ಕೈ ನಡುಗುತ್ತದೆ. ಒಂದೆರಡು ದಿನದಲ್ಲಿ ಫಿಟ್ಸ್, ಎರಡರಿಂದ ನಾಲ್ಕನೆಯ ದಿನದೊಳಗೆ ಭ್ರಮೆ, ಬಡಬಡಿಕೆ ಬರಬಹುದು. ದುರ್ಬಲ ಹೃದಯಕ್ಕೆ ಇದು ಪ್ರಾಣಾಪಾಯ. ಆದ್ದರಿಂದ ಬಿಡುವ ಆ ಮೊದಲ ವಾರವನ್ನು ವೈದ್ಯರ ಕಣ್ಣೆದುರಿಗೇ ಕಳೆಯಬೇಕು.

ಮ್ಯೂನಿಕ್‌ನ ಬೊಲಿಂಗರ್ ಈ ಹೃದಯಗಳನ್ನು ನೋಡಿದ್ದು ಶವಗಳಲ್ಲಿ. ಇಂದು ಅದೇ ಹೃದಯ ಇನ್ನೂ ಬಡಿಯುತ್ತಿರುವಾಗಲೇ ಎಕೋ ತೆರೆಯ ಮೇಲೆ ಕಾಣಿಸುತ್ತದೆ. ನಿಮ್ಮ ಮನೆಯ ಹಿರಿಯರೊಬ್ಬರು ಏರಿನಲ್ಲಿ ನಿಂತು ಏದುಸಿರು ಬಿಟ್ಟರೆ, ರಾತ್ರಿ ಎರಡನೆಯ ದಿಂಬು ಕೇಳಿದರೆ, ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆಯುವ ಮೊದಲು ಈ ಲೆಕ್ಕವನ್ನೂ ಒಮ್ಮೆ ನೆನೆಯಿರಿ.