ಪ್ರೇಕ್ಷಕ ವರದಿ: ಯೂಟ್ಯೂಬ್‌ನಲ್ಲಿ ವಿದೇಶದ ವೀಕ್ಷಕರು

ಯೂಟ್ಯೂಬ್ ಚಾನೆಲ್ಲಿನ ವಿಡಿಯೊಗಳನ್ನು ಯಾವ ವಯಸ್ಸಿನವರು, ಯಾವ ದೇಶದಲ್ಲಿ, ಯಾವ ಸಾಧನದಲ್ಲಿ ನೋಡುತ್ತಾರೆಂದು ಚಾನೆಲ್ ನಡೆಸುವವರಿಗೆ ತಿಳಿಸುವ ಲೆಕ್ಕವೇ ಪ್ರೇಕ್ಷಕ ವರದಿ. ಇದು ಯೂಟ್ಯೂಬ್ ಸ್ಟುಡಿಯೊದ Analytics ಪುಟದಲ್ಲಿ ಸಿಗುತ್ತದೆ. ದೇಶವನ್ನು ಐಪಿ ವಿಳಾಸದಿಂದ, ವಯಸ್ಸನ್ನು ಲಾಗಿನ್ ಆದವರ ಖಾತೆಯಿಂದ ತಿಳಿಯಲಾಗುತ್ತದೆ. ಹಾಗಾಗಿ ಡಿಸೆಂಬರ್ ರಜೆಗೆ ಊರಿಗೆ ಬಂದ ಅಮೆರಿಕದ ಕನ್ನಡಿಗರು ಆ ತಿಂಗಳು ಭಾರತದ ಲೆಕ್ಕಕ್ಕೆ ಸೇರುತ್ತಾರೆ.

ಮೈಸೂರಿನ ಒಂದು ಅಡುಗೆ ಚಾನೆಲ್ಲನ್ನು ಕಲ್ಪಿಸಿಕೊಳ್ಳೋಣ. 28 ದಿನಗಳಲ್ಲಿ ಭಾರತದಿಂದ 9,000 ವೀಕ್ಷಣೆ, ಸರಾಸರಿ 2 ನಿಮಿಷ. ಅಮೆರಿಕದಿಂದ 600 ವೀಕ್ಷಣೆ, ಸರಾಸರಿ 6 ನಿಮಿಷ. ವೀಕ್ಷಣೆಯ ಸಂಖ್ಯೆಯಲ್ಲಿ ಅಮೆರಿಕದ್ದು ಹದಿನಾರರಲ್ಲಿ ಒಂದು ಪಾಲು ಮಾತ್ರ. ಗಂಟೆಗಳಿಗೆ ತಿರುಗಿಸಿದರೆ ಭಾರತ 300, ಅಮೆರಿಕ 60, ಅಂದರೆ ಆರರಲ್ಲಿ ಒಂದು ಪಾಲು. ದೇಶಗಳ ಪಟ್ಟಿಯನ್ನು ವೀಕ್ಷಣೆಯಿಂದಲ್ಲ, ನೋಡಿದ ಸಮಯದಿಂದ ಓದಬೇಕಾದದ್ದು ಇದಕ್ಕೇ.

ಮುಂದೆ Advanced mode ತೆರೆದು, ಅಮೆರಿಕವನ್ನಷ್ಟೇ ಆರಿಸಿ Device type ನೋಡಬೇಕು. ಇಡೀ ಚಾನೆಲ್ಲಿನ ಸಾಧನ ಪಟ್ಟಿಯಲ್ಲಿ ಮೊಬೈಲ್ ಮುಂದಿದ್ದರೂ, ಅಮೆರಿಕದ ಪಟ್ಟಿಯಲ್ಲಿ ಟಿವಿಯ ಪಾಲು ದೊಡ್ಡದಿರಬಹುದು. ಹಾಗಿದ್ದರೆ ಅಲ್ಲಿನವರು ರಿಮೋಟ್ ಹಿಡಿದು ಸೋಫಾದಲ್ಲಿ ಕೂತು ನೋಡುತ್ತಿದ್ದಾರೆ. ವಿಡಿಯೊದ ಕೆಳಗಿನ ವಿವರಣೆಯನ್ನು ಓದುವುದು ಅವರಿಗೆ ತ್ರಾಸದ ಕೆಲಸ. ಸಾಂಬಾರಿಗೆ ಬೇಳೆ, ಹುಣಸೆಹಣ್ಣು ಎಷ್ಟೆಂದು ಬಾಯಲ್ಲಿ ಹೇಳಿ ಪರದೆಯ ಮೇಲೂ ತೋರಿಸಬೇಕು. ತಾಜಾ ತೆಂಗಿನಕಾಯಿ ಸಿಗದವರಿಗೆ ಫ್ರೋಜನ್ ತುರಿ ಎಷ್ಟು ಹಾಕಬೇಕೆಂಬುದನ್ನೂ ಅಲ್ಲೇ ತಿಳಿಸಿದರೆ ಒಳ್ಳೆಯದು.

ಟಿವಿ ಹೆಚ್ಚಿದ್ದಲ್ಲಿ ವಯಸ್ಸಿನ ವರದಿಯನ್ನು ನೆಚ್ಚಿಕೊಳ್ಳುವುದು ಕಷ್ಟ. ಮಗನ ಮನೆಗೆ ಹೋಗಿರುವ ಅಮ್ಮ ಹಾಲಿನ ಟಿವಿಯಲ್ಲಿ ನೋಡಿದ್ದು, ಖಾತೆ ಮಗನದಾದರೆ, 35–44ರ ಗುಂಪಿನಲ್ಲಿ ದಾಖಲಾಗುತ್ತದೆ. ಇಂಥಲ್ಲಿ ಕಾಮೆಂಟುಗಳಲ್ಲಿ ಬರುವ ಪ್ರಶ್ನೆಗಳು ವಯಸ್ಸಿನ ಬಗ್ಗೆ ಅಂಕಿಗಿಂತ ಹೆಚ್ಚು ಹೇಳುತ್ತವೆ. ನೋಡುವವರು ಕಡಿಮೆಯಿರುವ ದೇಶಕ್ಕೆ ವಯಸ್ಸಿನ ಅಂಕಿ ಖಾಲಿ ಬರುವುದೂ ಉಂಟು. ಆಗ 28 ದಿನಗಳ ಬದಲು 90 ದಿನ ಅಥವಾ ಒಂದು ವರ್ಷದ ಅವಧಿ ಆರಿಸಿ ನೋಡಬಹುದು.

ವೀಕ್ಷಕರು ಯೂಟ್ಯೂಬ್‌ನಲ್ಲಿರುವ ಹೊತ್ತನ್ನು ತೋರಿಸುವ ನಕ್ಷೆ ಎಲ್ಲ ದೇಶಗಳನ್ನೂ ಬೆರೆಸಿರುತ್ತದೆ. ಭಾರತದ ಸಂಖ್ಯೆ ದೊಡ್ಡದಾದ್ದರಿಂದ ಅಮೆರಿಕದವರು ಅದರಲ್ಲಿ ಮುಳುಗಿಹೋಗುತ್ತಾರೆ. ಗಡಿಯಾರದ ಲೆಕ್ಕವನ್ನು ನಾವೇ ಹಾಕಬೇಕು. ಬೇಸಿಗೆಯಲ್ಲಿ ನ್ಯೂಜೆರ್ಸಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಶನಿವಾರ ಸಂಜೆ 6:30ಕ್ಕೆ ಮೈಸೂರಿನಲ್ಲಿ ಹಾಕಿದ ವಿಡಿಯೊ ಅಲ್ಲಿ ರಜಾದಿನದ ಬೆಳಿಗ್ಗೆ 9ಕ್ಕೆ, ದುಬೈನಲ್ಲಿ ಸಂಜೆ 5ಕ್ಕೆ ಸಿಗುತ್ತದೆ. ನವೆಂಬರ್ ಮೊದಲ ಭಾನುವಾರ ಅಮೆರಿಕದ ಗಡಿಯಾರ ಒಂದು ಗಂಟೆ ಹಿಂದಕ್ಕೆ ಸರಿಯುತ್ತದೆ. ಅಲ್ಲಿಂದ ಮಾರ್ಚ್ ಎರಡನೆಯ ಭಾನುವಾರದವರೆಗೆ ಅದೇ ವಿಡಿಯೊವನ್ನು 7:30ಕ್ಕೆ ಹಾಕಬೇಕು.