ಷೇರು ಮರುಖರೀದಿ: ಮಿತಿ ಎಷ್ಟು, ಮೀಸಲಿಗೆ ಎಷ್ಟು?

ಹೆಬ್ಬಾಳಕ್ಕೆ ಸಮೀಪದ ನಾಗವಾರದಲ್ಲಿ ಕೇಂದ್ರ ಕಚೇರಿ ಹೊಂದಿರುವ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) 2016ರಲ್ಲಿ ತನ್ನ 24 ಕೋಟಿ ಈಕ್ವಿಟಿ ಷೇರುಗಳ ಪೈಕಿ 1,66,37,207 ಷೇರುಗಳನ್ನು ತಲಾ 1,305 ರೂ.ಗೆ ಮರುಖರೀದಿ ಮಾಡಿತು. ಒಟ್ಟು ವೆಚ್ಚ 2,171.16 ಕೋಟಿ ರೂ. ಆಗ ಷೇರಿನ ಮುಖಬೆಲೆ 10 ರೂ. ಮಾತ್ರ.

2013ರ ಕಂಪನಿ ಕಾಯ್ದೆಯ 68ನೇ ಕಲಮು ಇದಕ್ಕೆ ಎರಡು ಮಿತಿ ವಿಧಿಸುತ್ತದೆ. ಒಂದು ಹಣಕಾಸು ವರ್ಷದಲ್ಲಿ ಈಕ್ವಿಟಿ ಬಂಡವಾಳದ ಶೇ 25ಕ್ಕಿಂತ ಹೆಚ್ಚು ಷೇರು ಕೊಳ್ಳುವಂತಿಲ್ಲ. ಬಿಇಎಲ್ ಕೊಂಡದ್ದು ಶೇ 6.93. ವೆಚ್ಚವು ಪಾವತಿಯಾದ ಬಂಡವಾಳ ಹಾಗೂ ಮುಕ್ತ ಮೀಸಲುಗಳ ಮೊತ್ತದ ಶೇ 25ನ್ನು ಮೀರುವಂತಿಲ್ಲ. ಶೇ 10ರವರೆಗೆ ಆಡಳಿತ ಮಂಡಳಿಯ ನಿರ್ಣಯ ಸಾಕು. ಮೀರಿದರೆ ಷೇರುದಾರರ ವಿಶೇಷ ನಿರ್ಣಯ ಅಗತ್ಯ. ಖರೀದಿ ದರ ಮುಖಬೆಲೆಗಿಂತ ಬಹಳ ಹೆಚ್ಚಿದ್ದಾಗ ಮೊದಲು ಅಡ್ಡಬರುವುದು ಸಾಮಾನ್ಯವಾಗಿ ಈ ವೆಚ್ಚದ ಮಿತಿಯೇ.

ಮುಕ್ತ ಮೀಸಲಿನಿಂದ ಹಣ ನೀಡಿದಾಗ ಲೆಕ್ಕಪತ್ರದ ನಮೂದು ಹೀಗಿರುತ್ತದೆ (ಕೋಟಿ ರೂ.ಗಳಲ್ಲಿ):

ಷೇರು ಬಂಡವಾಳ ಖಾತೆ ಡೆಬಿಟ್ 16.64
ಸಾಮಾನ್ಯ ಮೀಸಲು ಡೆಬಿಟ್ 2,154.52
ಬ್ಯಾಂಕ್ ಖಾತೆ ಕ್ರೆಡಿಟ್ 2,171.16

ಬಳಿಕ 69ನೇ ಕಲಮಿನಂತೆ:

ಸಾಮಾನ್ಯ ಮೀಸಲು ಡೆಬಿಟ್ 16.64
ಬಂಡವಾಳ ವಿಮೋಚನಾ ಮೀಸಲು ಕ್ರೆಡಿಟ್ 16.64

ಪೂರ್ಣ ವೆಚ್ಚವನ್ನೇ ಈ ಮೀಸಲಿಗೆ ವರ್ಗಾಯಿಸುವುದು ತಪ್ಪು. ವರ್ಗವಾಗಬೇಕಾದುದು ಮುಖಬೆಲೆ ಮಾತ್ರ. ಪರಿಶೀಲನೆ ಸುಲಭ: ಬಂಡವಾಳ 240 ಕೋಟಿಯಿಂದ 223.36 ಕೋಟಿಗೆ ಇಳಿದರೂ ಮೀಸಲಿನ 16.64 ಕೋಟಿ ಸೇರಿಸಿದರೆ ಮತ್ತೆ 240 ಕೋಟಿ ಆಗಬೇಕು. ಈ ಮೀಸಲನ್ನು ಲಾಭಾಂಶವಾಗಿ ಹಂಚುವಂತಿಲ್ಲ, ಬೋನಸ್ ಷೇರು ನೀಡಲು ಬಳಸಬಹುದು. ಹೀಗಾಗಿ ಷೇರು ರದ್ದಾದರೂ ಸಾಲ ನೀಡಿದವರ ಭದ್ರತೆಗಿರುವ ಬಂಡವಾಳದ ಬುಡ ಕುಸಿಯುವುದಿಲ್ಲ.