ಲಂಬ ಅಣೆಕಟ್ಟಿನ ಗೋಡೆಯ ಮೇಲೆ ನೀರಿನ ಬಲ: ಕೃಷ್ಣರಾಜಸಾಗರದ 80 ಅಡಿ ಮತ್ತು 124.80 ಅಡಿಗಳ ನಡುವಿನ ಲೆಕ್ಕ

ಮಳೆಗಾಲದಲ್ಲಿ ಜಾಲಹಳ್ಳಿಯ ನಮ್ಮ ಮನೆಯಲ್ಲಿ ಬೆಳಗಿನ ಪತ್ರಿಕೆ ಬಂದರೆ ಮೊದಲು ತೆರೆಯುವುದು ಜಲಾಶಯಗಳ ಮಟ್ಟದ ಪುಟ್ಟ ಪಟ್ಟಿಯನ್ನು. ಕೆಆರ್‌ಎಸ್, ಗರಿಷ್ಠ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು. ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ಬರುವ ಕಾವೇರಿ ನೀರೇ ನಮ್ಮ ಸಂಪಿಗೆ ಬೀಳುವುದರಿಂದ ಆ ಅಂಕಿಯ ಮೇಲೆ ಎಲ್ಲರ ಕಣ್ಣು. ಅಲ್ಲಿ ಎರಡು ಅಳತೆಗಳು ಅಕ್ಕಪಕ್ಕದಲ್ಲಿರುತ್ತವೆ: ಅಡಿಯಲ್ಲಿ ಮಟ್ಟ, ಟಿಎಂಸಿಯಲ್ಲಿ ಸಂಗ್ರಹ. ನಗರದ ನೀರಿನ ಲೆಕ್ಕಕ್ಕೆ ಬೇಕಾದದ್ದು ಎರಡನೆಯದು. ಅಣೆಕಟ್ಟಿನ ಗೋಡೆಗೆ ಗೊತ್ತಿರುವುದು ಮೊದಲನೆಯದು ಮಾತ್ರ. ಗೋಡೆಯ ಹಿಂದೆ ಎಷ್ಟು ಟಿಎಂಸಿ ನಿಂತಿದೆ ಎಂಬುದು ಗೋಡೆಯ ಮೇಲಿನ ಬಲದ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ.

ಇದನ್ನು ಸಂಪಿನಲ್ಲೇ ನೋಡಬಹುದು. ನಮ್ಮ ಸಂಪಿನ ಆಳ 2 ಮೀಟರ್. ಪಕ್ಕದ ಅಪಾರ್ಟ್‌ಮೆಂಟಿನ ಸಂಪಿನ ಆಳವೂ ಅಷ್ಟೇ, ಆದರೆ ಅದು ನಮ್ಮದಕ್ಕಿಂತ ನಾಲ್ಕು ಪಟ್ಟು ಉದ್ದ. ಎರಡೂ ತುಂಬಿದಾಗ ಗೋಡೆಯ ಪ್ರತಿ ಮೀಟರ್ ಅಗಲದ ಮೇಲೆ ಬೀಳುವ ತಳ್ಳುವಿಕೆ ಒಂದೇ: 2 ಟನ್. ನೀರಿನ ಒಳಗೆ ಒಂದು ಬಿಂದುವಿನ ಒತ್ತಡ ಅದರ ಮೇಲಿರುವ ನೀರಿನ ಆಳವನ್ನಷ್ಟೇ ನಂಬಿಕೊಂಡಿದೆ. ನಿಂತ ನೀರಿನಲ್ಲಿ ಒಂದೇ ಮಟ್ಟದಲ್ಲಿ ಒತ್ತಡ ಎಲ್ಲೆಡೆಯೂ ಸಮ. ಇಲ್ಲದಿದ್ದರೆ ನೀರು ನಿಲ್ಲುತ್ತಲೇ ಇರಲಿಲ್ಲ, ಹೆಚ್ಚು ಒತ್ತಡದ ಕಡೆಯಿಂದ ಕಡಿಮೆಯ ಕಡೆಗೆ ಹರಿಯುತ್ತಿತ್ತು.

ಗೋಡೆಯ ಒಂದು ಮೀಟರ್ ಅಗಲದ ಪಟ್ಟಿಯನ್ನು ತೆಗೆದುಕೊಳ್ಳೋಣ. ನೀರಿನ ಮೇಲ್ಮೈಯಿಂದ ಕೆಳಕ್ಕೆ ಅಳೆದ ಆಳ z ಆದರೆ ಅಲ್ಲಿಯ ಒತ್ತಡ ρgz. ಮೇಲೆ ಸೊನ್ನೆ, ಬುಡದಲ್ಲಿ ρgh. ಒತ್ತಡ ಪ್ರತಿ ಎತ್ತರದಲ್ಲೂ ಬೇರೆಯಾದ್ದರಿಂದ ಇಡೀ ಗೋಡೆಗೆ ಒಂದೇ ಒತ್ತಡವನ್ನು ಗುಣಿಸಿ ಮುಗಿಸಲಾಗದು. ಗೋಡೆಯನ್ನು dz ಎತ್ತರದ ತೆಳು ಪಟ್ಟಿಗಳಾಗಿ ಕತ್ತರಿಸಿದರೆ, ಅಷ್ಟು ತೆಳುವಿನೊಳಗೆ ಒತ್ತಡ ಬದಲಾಗುವುದಿಲ್ಲ ಎಂದು ಹಿಡಿಯಬಹುದು. ಅದರ ಮೇಲಿನ ಬಲ ρgz·dz. ಮೇಲಿನಿಂದ ಬುಡದವರೆಗೆ ಇವನ್ನೆಲ್ಲ ಕೂಡಿಸುವುದೇ ಅನುಕಲನ:

```
F = ∫₀ʰ ρ g z dz = ρ g h² / 2
```

ನೀರಿನ ತೂಕವನ್ನು ಘನ ಮೀಟರಿಗೆ 1 ಟನ್ ಎಂದು ಹಿಡಿದರೆ ಇದು ಇನ್ನೂ ಸರಳ: ಪ್ರತಿ ಮೀಟರ್ ಅಗಲಕ್ಕೆ h²/2 ಟನ್. 124.80 ಅಡಿ ಎಂದರೆ 38.04 ಮೀಟರ್. ಅದರ ವರ್ಗದ ಅರ್ಧ 723 ಟನ್. ಮಟ್ಟ ಅರ್ಧಕ್ಕಿಳಿದರೆ ಬಲ ಅರ್ಧವಾಗದೆ ಕಾಲು ಭಾಗಕ್ಕೆ, ಸುಮಾರು 181 ಟನ್ನಿಗೆ ಇಳಿಯುತ್ತದೆ. ಖಾಲಿ ಜಲಾಶಯಕ್ಕೆ ಬರುವ ಮೊದಲ ಒಂದು ಅಡಿ ನೀರು ಗೋಡೆಯ ಪ್ರತಿ ಮೀಟರನ್ನು ತಳ್ಳುವುದು 46 ಕಿಲೋ ಬಲದಿಂದ. 123.80ರಿಂದ 124.80ಕ್ಕೆ ಏರುವ ಕೊನೆಯ ಒಂದು ಅಡಿ ಸೇರಿಸುವುದು ಹನ್ನೊಂದೂವರೆ ಟನ್.

ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವ ಜಾಗವೊಂದಿದೆ. ಬುಡದ ಒತ್ತಡವನ್ನೇ ಇಡೀ ಗೋಡೆಗೆ ಗುಣಿಸಿ ಎರಡರಷ್ಟು ಉತ್ತರ ತರುವವರು ಕೆಲವರು, ಆ ತಪ್ಪು ಬೇಗ ಸಿಕ್ಕಿಬೀಳುತ್ತದೆ. ಸರಾಸರಿ ಒತ್ತಡ ρgh/2 ತೆಗೆದುಕೊಂಡು ಗುಣಿಸಿದವರಿಗೆ ಬಲದ ಉತ್ತರ ಸರಿಯಾಗಿಯೇ ಬರುತ್ತದೆ. ಅಪಾಯ ಇರುವುದು ಆಮೇಲಿನ ಹೆಜ್ಜೆಯಲ್ಲಿ: ಸರಾಸರಿ ಒತ್ತಡ ಇರುವುದು ನಡು ಎತ್ತರದಲ್ಲಿ, ಹಾಗಾಗಿ ಬಲವೂ ಅಲ್ಲೇ ಬೀಳುತ್ತದೆ ಎಂದುಕೊಳ್ಳುತ್ತಾರೆ. ಗೋಡೆ ಮಗುಚುವ ಪ್ರಶ್ನೆಗೆ ಬಲದಷ್ಟೇ ಮುಖ್ಯ ಅದು ಎಲ್ಲಿ ಬೀಳುತ್ತದೆ ಎಂಬುದು. ಪ್ರತಿ ತೆಳು ಪಟ್ಟಿಯ ಬಲವನ್ನು ಬುಡದಿಂದ ಅದಕ್ಕಿರುವ ಎತ್ತರದಿಂದ ಗುಣಿಸಿ ಕೂಡಿಸಬೇಕು:

```
M = ∫₀ʰ ρ g z (h − z) dz = ρ g h³ / 6
```

M ಅನ್ನು Fನಿಂದ ಭಾಗಿಸಿದರೆ h/3. ಒಟ್ಟು ಬಲ ಬೀಳುವುದು ಬುಡದಿಂದ ಮೂರನೇ ಒಂದು ಎತ್ತರದಲ್ಲಿ. ಒತ್ತಡದ ಚಿತ್ರ ತ್ರಿಕೋನ, ಅದರ ಭಾರಕೇಂದ್ರ ಇರುವುದೂ ಅಲ್ಲೇ.

ಈ h³ ಅನ್ನು ಇಟ್ಟುಕೊಂಡೇ ಕನ್ನಂಬಾಡಿಯ ಕಟ್ಟೋಣದ ಒಂದು ಹಳೆಯ ತಗಾದೆಯನ್ನು ನೋಡಬೇಕು ಎಂಬುದು ಈ ಲೇಖನದ ಉದ್ದೇಶ. 1911ರ ನವೆಂಬರಿನಲ್ಲಿ ಕೆಲಸ ಶುರುವಾದಾಗ ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಎಂಜಿನಿಯರ್. ಯೋಜನೆ ಎರಡು ಹಂತದ್ದು. ಮದ್ರಾಸಿನ ತಕರಾರಿನಿಂದ ಒಪ್ಪಿಗೆ ಸಿಕ್ಕಿದ್ದು 11 ಟಿಎಂಸಿಯ ಮೊದಲ ಹಂತಕ್ಕೆ ಮಾತ್ರ. ಇಂದಿನ ಮಟ್ಟದ ಪಟ್ಟಿಯಲ್ಲೂ ಅಷ್ಟು ಸಂಗ್ರಹ ಕಾಣುವುದು 80 ಅಡಿಯ ಆಸುಪಾಸಿನಲ್ಲಿ. ಆದರೆ ಮೈಸೂರು ತಳಪಾಯವನ್ನು ಹಾಕಿದ್ದು ಪೂರ್ಣ ಎತ್ತರಕ್ಕೆ ಬೇಕಾದ ಅಗಲದಲ್ಲಿ. ಮದ್ರಾಸು ಆಕ್ಷೇಪಿಸಿತು, ವಿಷಯ ಮಧ್ಯಸ್ಥಿಕೆಗೆ ಹೋಯಿತು, 1914ರಲ್ಲಿ ಗ್ರಿಫಿನ್ ತೀರ್ಪು ಬಂತು, ಜಗಳ ತೀರಿದ್ದು 1924ರ ಒಪ್ಪಂದದಿಂದ. ಕಾನೂನಿನ ಕಡೆಯಿಂದ ಇದನ್ನು ಬಹಳ ಜನ ಬರೆದಿದ್ದಾರೆ. ತಳಪಾಯದ ಅಗಲವನ್ನು ಆಮೇಲೆ ನೋಡಿಕೊಳ್ಳಬಹುದಿತ್ತೇ ಎಂಬ ಎಂಜಿನಿಯರಿಂಗ್ ಪ್ರಶ್ನೆಗೆ ಮೇಲಿನ ಎರಡು ಅನುಕಲನಗಳೇ ಉತ್ತರ ಕೊಡುತ್ತವೆ.

ಲೆಕ್ಕಕ್ಕಾಗಿ ನಿಜವಾದ ಅಡ್ಡಕೊಯ್ತದ ಬದಲು ಒಂದು ತ್ರಿಕೋನವನ್ನು ಇಟ್ಟುಕೊಳ್ಳುತ್ತೇನೆ. ನೀರಿನ ಕಡೆಯ ಮುಖ ಲಂಬ, ಕೆಳಪಾತ್ರದ ಕಡೆ ಇಳಿಜಾರು, ತುದಿ ನೀರಿನ ಮಟ್ಟಕ್ಕೆ ಸಮ, ಕೆಳಗಡೆ ನೀರಿಲ್ಲ. ಸುರ್ಕಿ ಗಾರೆಯಲ್ಲಿ ಕಟ್ಟಿದ ಕಲ್ಲಿನ ಭಾರ ಘನ ಮೀಟರಿಗೆ 2.3 ಟನ್ ಎಂದಿರಲಿ. ನೀರಿನ ಕಡೆಯ ಬುಡವನ್ನು ಎಂಜಿನಿಯರುಗಳು ಹೀಲ್ ಎನ್ನುತ್ತಾರೆ, ಇನ್ನೊಂದು ಬದಿಯ ಬುಡ ಟೋ. ಗೋಡೆ ಮಗುಚಿದರೆ ಮಗುಚುವುದು ಟೋ ಮೇಲೆ.

ಇನ್ನೊಂದು ಬಲವಿದೆ. ನೀರು ತಳಪಾಯದ ಸಂದುಗಳಲ್ಲಿ ನುಗ್ಗಿ ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಎತ್ತುತ್ತದೆ. ಹೀಲ್ ಬಳಿ ಈ ಒತ್ತಡ ಪೂರ್ತಿ ρgh, ಟೋ ಬಳಿ ಸೊನ್ನೆ. ನಡುವೆ ನೇರ ಗೆರೆಯಲ್ಲಿ ಇಳಿಯುತ್ತದೆ ಎಂದು ಹಿಡಿದು, ತಳದ ಅಗಲ b ಎಂದಿಟ್ಟು, ಅದರ ಉದ್ದಕ್ಕೂ ಅನುಕಲಿಸಿದರೆ bh/2 ಟನ್. ಈ ಬಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಫ್ರಾನ್ಸಿನ ಬೂಝೆ ಅಣೆಕಟ್ಟು 1895ರ ಏಪ್ರಿಲಿನಲ್ಲಿ ಒಡೆದು ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಹೀಲ್‌ನಲ್ಲಿ ಕಲ್ಲು ಎಳೆತಕ್ಕೆ ಸಿಕ್ಕಬಾರದು, ಸಿಕ್ಕರೆ ಬಿರುಕು ಬಿಟ್ಟು ನೀರು ಒಳಹೊಗುತ್ತದೆ ಎಂಬ ಎಚ್ಚರ ಗಟ್ಟಿಯಾಗಿ ಬೇರೂರಿದ್ದು ಆ ದುರಂತದ ನಂತರ. ಎಳೆತ ಬಾರದಿರಬೇಕಾದರೆ ಎಲ್ಲ ಬಲಗಳ ಮೊತ್ತ ತಳದ ನಡುವಿನ ಮೂರನೇ ಒಂದು ಭಾಗದೊಳಗೆ ಬೀಳಬೇಕು.

ನಮ್ಮ ತ್ರಿಕೋನಕ್ಕೆ ಈ ನಿಯಮ ಹಚ್ಚಿದರೆ ಬೇಕಾದ ಅಗಲ h/√1.3. ಅಂದರೆ 80 ಅಡಿ, ಎಂದರೆ 24.38 ಮೀಟರ್ ನೀರಿಗೆ 21.4 ಮೀಟರ್ ತಳ. ಪರೀಕ್ಷಿಸೋಣ. ಕಲ್ಲಿನ ತೂಕ ಮೀಟರಿಗೆ 600 ಟನ್, ಎತ್ತುವ ಬಲ 261, ಉಳಿದದ್ದು 339. ತೂಕವೂ ಎತ್ತುವ ಬಲವೂ ಟೋದಿಂದ ಮೂರನೇ ಎರಡು ಭಾಗ ದೂರದಲ್ಲಿ, 14.26 ಮೀಟರಿನಲ್ಲಿ ಬೀಳುತ್ತವೆ. ಹಿಡಿದು ನಿಲ್ಲಿಸುವ ಮೊಮೆಂಟ್ 4,834 ಟನ್-ಮೀಟರ್. ನೀರು ಮಗುಚಲು ಹಾಕುವುದು h³/6, ಎಂದರೆ 2,416. ಗೋಡೆ ನೆಮ್ಮದಿಯಾಗಿ ನಿಲ್ಲುತ್ತದೆ.

ಈಗ ತಳವನ್ನು ಅಷ್ಟೇ ಇಟ್ಟು ಗೋಡೆಯನ್ನೂ ನೀರನ್ನೂ 124.80 ಅಡಿಗೆ ಏರಿಸೋಣ. ಎತ್ತರ ಏರಿದ್ದು 1.56 ಪಟ್ಟು. ತಳದ ಅಗಲ ಬದಲಾಗದ್ದರಿಂದ ತೂಕ ಏರುವುದೂ ಅಷ್ಟೇ ಪಟ್ಟು, 936 ಟನ್ನಿಗೆ. ಎತ್ತುವ ಬಲ 407. ಉಳಿದ 529 ಟನ್ ಕೊಡುವ ಮೊಮೆಂಟ್ ಸುಮಾರು 7,540. ನೀರಿನ ಬಲ ಏರಿದ್ದು 2.43 ಪಟ್ಟು, ಅದರ ಮೊಮೆಂಟ್ 3.8 ಪಟ್ಟು: 9,174 ಟನ್-ಮೀಟರ್. ಗೋಡೆ ಮಗುಚುತ್ತದೆ. ಹೀಲ್‌ನಲ್ಲಿ ಎಳೆತವೂ ಬಾರದಂತೆ ನಿಲ್ಲಬೇಕಾದರೆ ತಳ 33.4 ಮೀಟರ್, ಸುಮಾರು 109 ಅಡಿ ಇರಬೇಕು. ಇದು ನನ್ನ ತ್ರಿಕೋನದ ಅಂಕಿ, ಕನ್ನಂಬಾಡಿಯ ನಕ್ಷೆಯದಲ್ಲ.

ಆಮೇಲೆ ಕೆಳಪಾತ್ರದ ಕಡೆಯಿಂದ ಹನ್ನೆರಡು ಮೀಟರ್ ದಪ್ಪದ ಹೊಸ ಕಲ್ಲುಕಟ್ಟಡವನ್ನು ಹಳೆಯದಕ್ಕೆ ಅಂಟಿಸಬಹುದು. ಆದರೆ ಹಳೆಯ ಗೋಡೆ ಆಗಲೇ ನೀರಿನ ಭಾರ ಹೊತ್ತು ನಿಂತಿರುತ್ತದೆ, ಹೊಸದು ಹೊರೆ ಇಲ್ಲದೆ ಬಂದು ಸೇರುತ್ತದೆ. ಎರಡೂ ಒಂದೇ ಮೈಯಾಗಿ ಕೆಲಸ ಮಾಡಬೇಕಾದರೆ ಬೆಸುಗೆಯ ಜಾಗದಲ್ಲಿ ಜಾರುವಿಕೆ ಇರಕೂಡದು. ಸುರ್ಕಿ ನಿಧಾನಕ್ಕೆ ಗಟ್ಟಿಯಾಗುವ ಗಾರೆ. ಎರಡನೆಯ ಹಂತವನ್ನು ಕೈಬಿಡದೆ ಇರಬೇಕೆಂದವರಿಗೆ ಅಗಲವಾದ ತಳಪಾಯವನ್ನು ಮೊದಲೇ ಹಾಕುವುದು ಬಿಟ್ಟರೆ ಬೇರೆ ಸುಲಭದ ದಾರಿ ಇರಲಿಲ್ಲ ಎಂದು ನನ್ನ ತೀರ್ಮಾನ. ಮದ್ರಾಸಿನವರು ತಳಪಾಯ ನೋಡಿ ಎತ್ತರವನ್ನು ಊಹಿಸಿದ್ದೂ ಅದೇ ಕಾರಣಕ್ಕೆ ಸರಿಯಾಗಿತ್ತು.

ಪ್ರತಿ ಮೀಟರಿನ 723 ಟನ್ನನ್ನು ಅಣೆಕಟ್ಟಿನ 2,621 ಮೀಟರ್ ಉದ್ದಕ್ಕೆ ಗುಣಿಸಿ 19 ಲಕ್ಷ ಟನ್ ಎನ್ನುವುದು ಸರಿಯಲ್ಲ. ಪೂರ್ತಿ ಆಳ ಇರುವುದು ನದಿಯ ಪಾತ್ರದಲ್ಲಿ, ದಡಗಳ ಕಡೆ ಗೋಡೆ ಗಿಡ್ಡ. ಆಳ z ಇದ್ದಲ್ಲಿ ಗೋಡೆಯ ಉದ್ದ w(z) ಎಂದು ಬರೆದು ρgz·w(z) ಅನ್ನು ಅನುಕಲಿಸಬೇಕು. ಕಣಿವೆ ಶುದ್ಧ ವಿ ಆಕಾರದ್ದಾಗಿದ್ದರೆ ಉತ್ತರ ಮೂರನೇ ಒಂದಕ್ಕೆ, 6.3 ಲಕ್ಷ ಟನ್ನಿಗೆ ಇಳಿಯುತ್ತದೆ.

ಗೋಡೆಯ ಮುಖದ ಮೇಲಿನ ಅನುಕಲನದಲ್ಲಿ ಅನುಮಾನಕ್ಕೆ ಜಾಗ ಕಡಿಮೆ. ನಿಂತ ನೀರು ಹಾಗೆಯೇ ನಡೆದುಕೊಳ್ಳುತ್ತದೆ. ಬುಡದಲ್ಲಿ ಹೂಳು ಸೇರಿದರೆ ಅದರ ತಳ್ಳುವಿಕೆಯನ್ನು ಬೇರೆಯಾಗಿ ಕೂಡಿಸಬೇಕು. ತಳದ ಮೇಲಿನ ಅನುಕಲನವೇ ನಂಬಲು ಕಷ್ಟವಾದದ್ದು, ಯಾಕೆಂದರೆ ಒತ್ತಡ ಹೀಲ್‌ನಿಂದ ಟೋವರೆಗೆ ನೇರ ಗೆರೆಯಲ್ಲಿ ಇಳಿಯಬೇಕೆಂಬ ಕಟ್ಟಳೆ ಬಂಡೆಗಿಲ್ಲ. ಆ ಒತ್ತಡವನ್ನು ತಳದಲ್ಲಿ ಇಳಿಸಿದ ಪೀಝೋಮೀಟರ್ ಕೊಳವೆಗಳಿಂದ ಅಳೆಯುತ್ತಾರೆ. 33.4 ಮೀಟರ್ ತಳದ ನಡುವೆ ನೇರ ಗೆರೆಯ ಪ್ರಕಾರ ಕೊಳವೆಯಲ್ಲಿ ನೀರು 19 ಮೀಟರ್ ಏರಬೇಕು. ಅದು 25 ಮೀಟರ್ ತೋರಿಸಿದರೆ ಎತ್ತುವ ಬಲ ಮೀಟರಿಗೆ 100 ಟನ್ ಹೆಚ್ಚಾಗಿದೆ ಎಂದರ್ಥ. ಬಲಗಳ ಮೊತ್ತ ಆಗ ಟೋ ಕಡೆಗೆ ಮುಕ್ಕಾಲು ಮೀಟರ್ ಸರಿದು ನಡುವಿನ ಮೂರನೇ ಭಾಗದಿಂದ ಹೊರಬೀಳುತ್ತದೆ, ಹೀಲ್‌ನಲ್ಲಿ ಎಳೆತ ಶುರುವಾಗುತ್ತದೆ. ಅದೇ ದಿನಗಳಲ್ಲಿ ಪಕ್ಕದ ಬಸಿಗಾಲುವೆಯ ಜಿನುಗು ಕಡಿಮೆಯಾಗಿದ್ದರೆ ಸೋರಿಕೆ ನಿಂತಿತೆಂದು ಸಮಾಧಾನಪಡಬಾರದು. ಬಸಿರಂಧ್ರ ಸುಣ್ಣದ ಹೆಪ್ಪಿನಿಂದ ಕಟ್ಟಿಕೊಂಡಿರಬಹುದು, ಹಾಗಿದ್ದರೆ ಮೊದಲು ಅದನ್ನು ಕೊರೆದು ಬಿಡಿಸಬೇಕು.